ಐನೂರು ರೂಪಾಯಿಯ ಪೂರ್ವಪಕ್ಷ

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಅಂಬೇಡ್ಕರ್ ಮರುದಿನ ಅದೇ ಊರಿನಲ್ಲಿ ಮರಾಠಿಯಲ್ಲಿ ದೀರ್ಘವಾಗಿ ಮಾತಾಡಿದರು. ದೀಕ್ಷಾಭೂಮಿಯನ್ನು ನೋಡಿ ಬಂದ ನಮ್ಮವರಲ್ಲೂ ಈ 15ನೇ ತಾರೀಖಿನ ಭಾಷಣವನ್ನು ಪೂರ್ತಿ ಓದಿದವರು ಕಡಿಮೆಯೇ ಇರಬೇಕು. ಅದರ ಬಹುಪಾಲು ಆಕ್ಷೇಪಗಳಿಗೆ ಕೊಟ್ಟ ಉತ್ತರ. ನಾಗಪುರವನ್ನೇ ಏಕೆ ಆರಿಸಿಕೊಂಡಿರಿ, ಬಡವರ ಕೈಗೆ ಬರುವ ನಾಲ್ಕು ಕಾಸನ್ನು ಏಕೆ ತಪ್ಪಿಸುತ್ತೀರಿ, ಸಿಕ್ಕ ಮೀಸಲು ಸ್ಥಾನಗಳನ್ನು ಏಕೆ ಬಿಡುತ್ತೀರಿ ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ನಮ್ಮ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಪೂರ್ವಪಕ್ಷ ಎಂಬ ಹೆಸರಿತ್ತು. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ಸಿದ್ಧಾಂತ. ಇಂದಿನ ಪ್ರಬಂಧಗಳಲ್ಲಿ ಆ ಜಾಗಕ್ಕೆ ‘ಕೆಲವರು ಹೀಗೆನ್ನುತ್ತಾರೆ, ಆದರೆ ಅದು ಸರಿಯಲ್ಲ’ ಎಂಬ ಒಂದೂವರೆ ಸಾಲು ಬಂದು ಕೂತಿದೆ. ಅದನ್ನು ತಿದ್ದಲು ಹೊರಟವರಿಗೆ ಈ ಭಾಷಣದ ಒಂದು ಪ್ರಸಂಗ ಬಹಳ ಕೆಲಸಕ್ಕೆ ಬರುತ್ತದೆ.

ಸತ್ತ ದನ ಎಳೆಯುವ ಕೆಲಸ ಬಿಡಿ ಎಂದು ಅಂಬೇಡ್ಕರ್ ಮಹಾರರಿಗೆ ಹೇಳುತ್ತಾ ಬಂದಿದ್ದರು. ಅದಕ್ಕೆ ‘ಕೇಸರಿ’ ಪತ್ರಿಕೆಯಲ್ಲಿ ವಿರೋಧ ಬಂತು, ಅದೂ ಲೆಕ್ಕದ ಸಮೇತ. ಊರಲ್ಲಿ ವರ್ಷಕ್ಕೆ ಇಷ್ಟು ದನ ಸಾಯುತ್ತವೆ, ಚರ್ಮ, ಕೊಂಬು, ಮೂಳೆ ಮಾರಿದರೆ ಐನೂರು ರೂಪಾಯಿ ಬರುತ್ತದೆ, ಅಂಬೇಡ್ಕರ್ ಮಾತು ಕೇಳಿ ಈ ಜನ ಅದನ್ನೂ ಕಳೆದುಕೊಳ್ಳುತ್ತಿದ್ದಾರೆ ಎಂದು. ಒಂದು ಸಭೆಗೆ ಹೋದಾಗ ಹಾಗೆ ಬರೆದವನೇ ಎದುರಾಗಿ ಅದನ್ನೇ ಕೇಳಿದ ಸಂಗತಿಯನ್ನು ಅವರು ನಾಗಪುರದಲ್ಲಿ ನೆನೆಯುತ್ತಾರೆ. ನೆನೆಯುವಾಗ ಏನನ್ನೂ ಕಡಿಮೆ ಮಾಡುವುದಿಲ್ಲ. ಈ ಜನರ ಹೆಂಗಸರಿಗೆ ಮೈತುಂಬ ಬಟ್ಟೆಯಿಲ್ಲ, ಹೊಟ್ಟೆಗಿಲ್ಲ, ಹೊಲವಿಲ್ಲ, ಇಂಥವರ ಐನೂರು ರೂಪಾಯಿಯನ್ನು ತಪ್ಪಿಸಿ ನಷ್ಟ ಮಾಡುತ್ತಿದ್ದೀರಲ್ಲ ಎಂದು ಆಕ್ಷೇಪವನ್ನು ಅದರ ಕರುಣೆ ಮತ್ತು ಅಂಕಿಯ ಸಮೇತ ಒಪ್ಪಿಸುತ್ತಾರೆ. ಆ ಪತ್ರಿಕೆಯವನೇ ಸಭೆಯಲ್ಲಿ ಕೂತಿದ್ದರೂ, ಹೌದು, ನಾನು ಹೇಳಿದ್ದು ಇದನ್ನೇ ಎನ್ನಬಹುದಿತ್ತು. ಆಕ್ಷೇಪ ನ್ಯಾಯವಾಗಿ ಬಂದಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಉತ್ತರವನ್ನು ಕೈಯಿಂದ ಮುಚ್ಚಿ ಆಕ್ಷೇಪವನ್ನಷ್ಟೇ ಓದಬೇಕು. ಬರೆದವರು ಯಾವ ಕಡೆಯವರು ಎಂದು ಅಷ್ಟರಿಂದಲೇ ಗೊತ್ತಾಗಿಬಿಟ್ಟರೆ ತಿದ್ದುವುದು ಇನ್ನೂ ಇದೆ.

ಉತ್ತರ ಇನ್ನೂ ಸ್ವಾರಸ್ಯದ್ದು. ಐನೂರಲ್ಲ, ಇನ್ನೂರೇ ಎಂದು ಅವರು ಲೆಕ್ಕದ ಜಗಳಕ್ಕೆ ಇಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಮಕ್ಕಳು ಎಂದು ವಿಚಾರಿಸುತ್ತಾರೆ. ದೊಡ್ಡ ಸಂಸಾರ. ಹಾಗಾದರೆ ನೀವೂ ನಿಮ್ಮವರೂ ಸೇರಿ ಆ ಊರಿನ ಸತ್ತ ದನಗಳನ್ನು ಎಳೆದು ಐನೂರು ಗಳಿಸಿಕೊಳ್ಳಿ, ಅದರ ಮೇಲೆ ವರ್ಷಕ್ಕೆ ಇನ್ನೈನೂರು ನಾನೇ ಕೊಡುತ್ತೇನೆ, ನಮ್ಮ ಜನರದ್ದು ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಐನೂರಕ್ಕೆ ಲಾಭವಾಗಿದ್ದ ಕೆಲಸ ಸಾವಿರಕ್ಕೂ ಬೇಡವೆಂದಾದರೆ ಆ ಲೆಕ್ಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ ಎಂದಾಯಿತು. ಆ ಕಾಲಂ ಮಾನದ್ದು. ಕೇಳಿದವನು ತನ್ನ ಮಟ್ಟಿಗೆ ಅದನ್ನು ಸದಾ ತುಂಬಿಕೊಂಡೇ ಇದ್ದಾನೆ, ಮಹಾರರ ಮಟ್ಟಿಗೆ ಮಾತ್ರ ಖಾಲಿ ಬಿಟ್ಟಿದ್ದಾನೆ. ಎದುರಾಳಿಯ ಅಂಕಿಗಳನ್ನೆಲ್ಲ ಒಪ್ಪಿಕೊಂಡು, ಅವನು ಹೇಳದೆ ಇಟ್ಟುಕೊಂಡ ಊಹೆಯನ್ನು ಮಾತ್ರ ಹೊರಗೆಳೆಯುವ ಉತ್ತರ ಇದು. ಆಕ್ಷೇಪವನ್ನು ಪೂರ್ತಿ ಹೇಳಿದ್ದರಿಂದಲೇ ಇದು ಸಾಧ್ಯವಾಯಿತು. ಐನೂರು ಎಂಬ ಅಂಕಿಯನ್ನು ಬಿಟ್ಟಿದ್ದರೆ ಅದನ್ನು ಸಾವಿರ ಮಾಡಲು ಆಗುತ್ತಿರಲಿಲ್ಲ.

ಇಷ್ಟು ಮೆಚ್ಚಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಈ ಉತ್ತರ ಪತ್ರಿಕೆಯವನ ಬಾಯಿ ಮುಚ್ಚಿಸುತ್ತದೆ ನಿಜ. ಆದರೆ ಅದೇ ಪ್ರಶ್ನೆಯನ್ನು ಹಸಿದ ಮಹಾರನೊಬ್ಬ ಕೇಳಿದ್ದರೆ? ಅವನಿಗೆ ‘ನೀನೇ ಎಳೆ’ ಎನ್ನಲಾಗದು, ಅವನು ಎಳೆಯುತ್ತಲೇ ಇದ್ದಾನೆ. ಲಾಭಕ್ಕಿಂತ ಮಾನ ದೊಡ್ಡದು ಎಂದು ಅಂಬೇಡ್ಕರ್ ಮುಂದೆ ಹೇಳುವುದು ಅವನಿಗೆ ಕೊಟ್ಟ ಉತ್ತರ. ಕೇಳುವವನ ಇಬ್ಬಂದಿತನವನ್ನು ತೋರಿಸುವುದು ಬೇರೆ, ಕೇಳಿದ್ದಕ್ಕೆ ಉತ್ತರ ಕೊಡುವುದು ಬೇರೆ. ಭಾಷಣದಲ್ಲಿ ಎರಡೂ ಇವೆ. ಅದನ್ನು ಅನುಕರಿಸುವವರು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಂತುಬಿಡುತ್ತಾರೆ, ಚಪ್ಪಾಳೆ ಬೀಳುವುದು ಅಲ್ಲಿ.

ಮೀಸಲು ಸ್ಥಾನದ ಪ್ರಶ್ನೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸಿಕ್ಕ ಸ್ಥಾನಗಳನ್ನು ಬಿಡುವುದೇಕೆ ಎಂದು ಕೇಳಿದ ಬ್ರಾಹ್ಮಣ ಹುಡುಗನಿಗೆ, ನೀವು ಮಹಾರರಾಗಿ ಅವನ್ನು ತುಂಬಿಕೊಳ್ಳಿ ಎಂದೆ ಎನ್ನುತ್ತಾರೆ ಅಂಬೇಡ್ಕರ್. ಅದೇ ಪಟ್ಟು. ಸಭೆಗೆ ಅಷ್ಟು ಸಾಕು. ಇಂದು ಈ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಸಾಲದು. ಅವರ ಮೊದಲ ಕರಡು ಹೀಗಿರುತ್ತದೆ ಎಂದುಕೊಳ್ಳೋಣ: ‘ಮತಾಂತರದಿಂದ ಸೌಲಭ್ಯ ತಪ್ಪುತ್ತದೆಂದು ಕೆಲವು ಮೇಲ್ಜಾತಿಯವರು ಮೊಸಳೆ ಕಣ್ಣೀರು ಸುರಿಸಿದರು. ಸ್ವಾಭಿಮಾನದ ಮುಂದೆ ಇದೆಲ್ಲ ನಗಣ್ಯ.’ ಇಲ್ಲಿ ಆಕ್ಷೇಪದ ಜಾಗದಲ್ಲಿ ಆಕ್ಷೇಪಿಸಿದವರ ಚಾರಿತ್ರ್ಯವಿದೆ. ಮೊಸಳೆ ಕಣ್ಣೀರನ್ನು ಅಳಿಸಿದರೆ ಉಳಿಯುವುದು ‘ಸೌಲಭ್ಯ ತಪ್ಪುತ್ತದೆ’ ಎಂಬ ಮಾತು. ಅದು ನಿಜವೇ ಸುಳ್ಳೇ ಎಂದು ಕರಡು ನೋಡಿಯೇ ಇಲ್ಲ.

ನೋಡಿದರೆ ನಿಜ. ಪರಿಶಿಷ್ಟ ಜಾತಿಗಳ ಪಟ್ಟಿಯ 1950ರ ರಾಷ್ಟ್ರಪತಿ ಆದೇಶದ ಪ್ರಕಾರ, 1956ರ ಹೊತ್ತಿಗೆ ಆ ಸ್ಥಾನ ಹಿಂದೂಗಳಿಗೂ ಸಿಖ್ಖರಿಗೂ ಮಾತ್ರ ಇತ್ತು. ಬೌದ್ಧರು ಅದರೊಳಗೆ ಬಂದದ್ದು 1990ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷ. ಎಂದರೆ ಒಬ್ಬನ ಉದ್ಯೋಗದ ಇಡೀ ಆಯುಸ್ಸು.

ಇದನ್ನು ಕಂಡುಕೊಂಡ ವಿದ್ಯಾರ್ಥಿ ಎರಡನೇ ಕರಡಿನಲ್ಲಿ ಆ ಕಡೆಗೆ ವಾಲುತ್ತಾರೆ. ಆದೇಶ, ವರ್ಷ, ನಷ್ಟ ಎಂದು ಆಕ್ಷೇಪ ಹನ್ನೆರಡು ಸಾಲಾಗುತ್ತದೆ, ಉತ್ತರ ಹಳೆಯ ಒಂದೇ ಸಾಲಾಗಿ ಉಳಿಯುತ್ತದೆ. ಓದಿದವರು ಎದುರಾಳಿಯ ಜೊತೆ ಎದ್ದು ಹೋಗುತ್ತಾರೆ. ಆಗ ಆಕ್ಷೇಪವನ್ನು ಮತ್ತೆ ಕುಗ್ಗಿಸುವ ಆಸೆ ಬರುತ್ತದೆ, ಕುಗ್ಗಿಸಬಾರದು. ಆಕ್ಷೇಪದ ಅತಿ ಗಟ್ಟಿಯಾದ ವಾಕ್ಯ ಯಾವುದೆಂದು ಗುರುತು ಹಾಕಿ, ಉತ್ತರದ ಮೊದಲ ವಾಕ್ಯ ನೇರ ಅದನ್ನೇ ಮುಟ್ಟುವಂತೆ ಮಾಡಬೇಕು. ಇಲ್ಲಿ ಗಟ್ಟಿಯಾದದ್ದು ‘ದೀಕ್ಷೆಯಿಂದ ಸೌಲಭ್ಯ ಹೋಯಿತು’ ಎಂಬುದು. ಮೂರನೇ ಕರಡು ಅಲ್ಲಿಂದ ಹೊರಡಬಹುದು: ‘ಸೌಲಭ್ಯ ಹೋದದ್ದು ನಿಜ. ಆದರೆ ಅದನ್ನು ಕಿತ್ತದ್ದು ದೀಕ್ಷೆಯಲ್ಲ, ಧರ್ಮವನ್ನು ಷರತ್ತಾಗಿಟ್ಟ ಆದೇಶ. ಆದೇಶವನ್ನು ತಿದ್ದಬಹುದಿತ್ತು, 1990ರಲ್ಲಿ ತಿದ್ದಿಯೂ ಆಯಿತು. ದೀಕ್ಷೆ ಪಡೆದವರು ಬಿಟ್ಟು ಬಂದ ಸ್ಥಾನವನ್ನು ತಿದ್ದುವ ಅಂಥ ಸರ್ಕಾರಿ ಹಾಳೆ ಯಾವುದೂ ಇರಲಿಲ್ಲ.’

ಇದು ವಾದ. ಒಪ್ಪದವರಿಗೂ ಹಿಡಿದು ಜಗ್ಗಲು ಇಲ್ಲೊಂದು ತುದಿ ಸಿಗುತ್ತದೆ. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು ಹಾಳೆಯಲ್ಲವೇ ಎಂದು ಅವರು ಕೇಳಬಹುದು. ರದ್ದಾದ ಮೇಲೆ ಊರುಗಳಲ್ಲಿ ಏನಾಯಿತು ಎಂಬುದು ಆಗ ಮುಂದಿನ ಪ್ಯಾರಾ.

ಎದುರಾಳಿಗೆ ಹೆಸರೂ ಬರಹವೂ ಇದ್ದರೆ ಸಾರಾಂಶದ ಗೋಜೇ ಬೇಡ. 1936ರ ‘ಜಾತಿ ವಿನಾಶ’ಕ್ಕೆ ಗಾಂಧೀಜಿ ‘ಹರಿಜನ’ದಲ್ಲಿ ಆಕ್ಷೇಪ ಬರೆದರು. 1937ರ ಎರಡನೇ ಆವೃತ್ತಿಯಲ್ಲಿ ಅಂಬೇಡ್ಕರ್ ಆ ಬರಹವನ್ನೇ ಅಚ್ಚು ಹಾಕಿಸಿ ಕೆಳಗೆ ತಮ್ಮ ಉತ್ತರ ಸೇರಿಸಿದರು. ಅಳೆದು ನೋಡುವುದನ್ನು ಓದುಗರಿಗೇ ಬಿಟ್ಟರು.

ಮೂರನೇ ಕರಡಾದ ಮೇಲೆ ಇನ್ನೊಂದು ಕೆಲಸವಿದೆ, ಅದು ಆಕ್ಷೇಪದ ಪ್ಯಾರಾದಲ್ಲಿಲ್ಲ. ಮೂವತ್ತನಾಲ್ಕು ವರ್ಷದ ನಷ್ಟವನ್ನು ಆರನೇ ಪುಟದಲ್ಲಿ ಒಪ್ಪಿಕೊಂಡು, ಮೊದಲ ಪುಟದಲ್ಲಿ ‘ದೀಕ್ಷೆಯಿಂದ ದಲಿತರು ಎಲ್ಲ ರೀತಿಯಲ್ಲೂ ಗೆದ್ದರು’ ಎಂದು ಬಿಟ್ಟರೆ ಪ್ರಬಂಧ ತನ್ನನ್ನೇ ಸುಳ್ಳು ಮಾಡುತ್ತದೆ. ಅಲ್ಲಿಗೆ ಹಿಂತಿರುಗಿ, ‘ಎಲ್ಲ ರೀತಿಯಲ್ಲೂ’ ಎಂಬುದನ್ನು ಹೊಡೆದು, ‘ಬೆಲೆ ತೆತ್ತು’ ಎಂದು ಬರೆಯಬೇಕು.