ಅಸೈನ್‌ಮೆಂಟಿನ ಸೂಚನಾಪತ್ರ: ಫಾಂಟಿಗಿರುವ ಸ್ಪಷ್ಟತೆ ಸ್ವಂತಿಕೆಗಿಲ್ಲ

ಕನ್ನಡ ಎಂ.ಎ. ತರಗತಿಗಳಲ್ಲಿ ಆಂತರಿಕ ಅಂಕಗಳಿಗಾಗಿ ಮನೆಯಲ್ಲಿ ಬರೆದು ತರಬೇಕಾದ ಅಸೈನ್‌ಮೆಂಟಿನ ಜೊತೆಗೆ ಒಂದು ಪುಟದ ಸೂಚನಾಪತ್ರವನ್ನೂ ಕೊಡುತ್ತಾರೆ. ವಚನ ಸಾಹಿತ್ಯದ ಪತ್ರಿಕೆಗೆಂದು ಸಿದ್ಧಪಡಿಸಿದ ಅಂಥದೊಂದು ಪತ್ರ ನನ್ನ ಮುಂದಿದೆ. ಬರಹ ಸ್ವಂತದ್ದಾಗಿರಬೇಕು, ಕೃತಿಚೌರ್ಯ ಶೇ. 10ನ್ನು ಮೀರಬಾರದು ಎನ್ನುವುದು ಅದರ ಮೊದಲ ಸೂಚನೆ. ಅಂತರ್ಜಾಲದ ಮಾಹಿತಿ ಬೇಡ, ಐದು ಪುಸ್ತಕಗಳನ್ನಾದರೂ ನೋಡಿರಬೇಕು ಎನ್ನುವುದು ಎರಡನೆಯದು. ನುಡಿ ತಂತ್ರಾಂಶದ ಫಾಂಟಿನಲ್ಲಿ 14ರ ಅಳತೆಗೆ ಬೆರಳಚ್ಚು ಮಾಡಿಸಿ, ಪಿಡಿಎಫ್ ಕಳಿಸಿ, ಸ್ಪೈರಲ್ ಬೈಂಡಿಂಗ್ ಮಾಡಿದ ಪ್ರತಿಯನ್ನೂ ಒಪ್ಪಿಸಬೇಕು ಎನ್ನುವುದು ಮೂರನೆಯದು. ಇಂಥ ಪತ್ರಗಳು ಅನೇಕ ವಿಭಾಗಗಳಲ್ಲಿ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಓಡಾಡುತ್ತಿವೆ. ಆದ್ದರಿಂದಲೇ ಇದನ್ನು ಒಂದು ಪಠ್ಯವೆಂದು ತಿಳಿದು ಪರಿಶೀಲಿಸುವುದು ಅಗತ್ಯ.

ಶೇ. 10ರ ಲೆಕ್ಕ ಬಂದಿರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಿಂದ. ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ, 10ರಿಂದ 40ರವರೆಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60ನ್ನು ಮೀರಿದರೆ ನೋಂದಣಿಯೇ ರದ್ದು ಎಂದು ಅದು ಮಹಾಪ್ರಬಂಧಗಳಿಗೆ ಮೆಟ್ಟಿಲು ಕಟ್ಟಿತು. ಆದರೆ ಯಾವ ಬರಹಗಳಿಗೆ ಇದು ಅನ್ವಯಿಸುತ್ತದೆ ಎಂದು ಹೇಳುವಾಗ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಅದು ಹೊರಗಿಟ್ಟಿದೆ. ಆಕರ ಹೇಳಿ ಉದ್ಧರಿಸಿದ ಭಾಗವನ್ನೂ, ಸರ್ವಸಾಮಾನ್ಯ ತಿಳಿವಳಿಕೆಯ ಮಾತು ಸತತ 14 ಪದಗಳವರೆಗೆ ಹೊಂದಿಕೊಂಡರೆ ಅದನ್ನೂ ಲೆಕ್ಕಕ್ಕೆ ಹಿಡಿಯಬಾರದು ಎಂದಿದೆ. ಸೂಚನಾಪತ್ರ ಅಂಕಿಯನ್ನು ಮಾತ್ರ ಎತ್ತಿಕೊಂಡು ಅದರ ಸುತ್ತಲಿನ ವಿವೇಕವನ್ನು ಬಿಟ್ಟುಬಿಟ್ಟಿದೆ.

ಇದರಿಂದಾಗುವ ಅನ್ಯಾಯ ತಿಳಿಯಲು ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಬಸವಣ್ಣನವರ ವಚನಗಳಲ್ಲಿ ಕಾಯಕದ ಕಲ್ಪನೆ ಎಂಬುದು ವಿಷಯ, ಮಿತಿ 1500 ಪದ. ಮೊದಲನೆಯವಳು ಐದು ವಚನಗಳನ್ನು ಪೂರ್ತಿಯಾಗಿ ಕೊಟ್ಟು, ಸಂಪುಟ ಮತ್ತು ಸಂಖ್ಯೆ ನಮೂದಿಸಿ, ಒಂದೊಂದನ್ನೂ ತನ್ನ ಓದಿನಿಂದ ಬಿಡಿಸುತ್ತಾಳೆ. ವಚನವೊಂದಕ್ಕೆ 40 ಪದವೆಂದರೂ 200 ಪದಗಳಾದವು. ಹೋಲಿಕೆಯ ವರದಿ ಶೇ. 13 ಎನ್ನುತ್ತದೆ. ವಚನಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಬೇರೆ ಸಾಲುಗಳಲ್ಲಿ ಜೋಡಿಸುವುದು ನಮ್ಮ ರೂಢಿ. ಅವು ಉದ್ಧರಣೆಗಳೆಂದು ತಂತ್ರಾಂಶಕ್ಕೆ ಗೊತ್ತಾಗದೇ ಹೋಗಬಹುದು. ಎರಡನೆಯವನು ವಿದ್ವಾಂಸರೊಬ್ಬರ ಅಧ್ಯಾಯವನ್ನು ಎದುರಿಗಿಟ್ಟುಕೊಂಡು, ವಾದದ ಕ್ರಮವನ್ನೂ ಉದಾಹರಣೆಗಳನ್ನೂ ಹಾಗೇ ಇಳಿಸಿಕೊಂಡು, ಪದಗಳನ್ನು ಮಾತ್ರ ಬದಲಿಸುತ್ತಾನೆ. ಅವನ ವರದಿ ಶೇ. 4. ಸೂಚನೆಯ ಪ್ರಕಾರ ತಪ್ಪಿತಸ್ಥೆ ಅವಳು, ಪ್ರಾಮಾಣಿಕ ಇವನು. ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು. ಕಳವಾಗಿರುವುದು ವಾದವಾದರೆ ಆ ಅಳತೆಗೆ ಅದು ಸಿಗುವುದಿಲ್ಲ. ಯಾವುದನ್ನು ಎರವಲು ಪಡೆಯಬಹುದು, ಪಡೆದರೆ ಹೇಗೆ ಹೇಳಿಕೊಳ್ಳಬೇಕು ಎಂದು ಬರೆಯಬೇಕಾದ ಜಾಗದಲ್ಲಿ ಒಂದು ಸಂಖ್ಯೆಯನ್ನಿಟ್ಟು ಪತ್ರ ಕೈತೊಳೆದುಕೊಂಡಿದೆ.

ಎರಡನೆಯ ಸೂಚನೆ ಆಕರವನ್ನು ಅದು ಸಿಗುವ ಜಾಗದಿಂದ ಗುರುತಿಸುತ್ತದೆ, ಅದರ ಯೋಗ್ಯತೆಯಿಂದಲ್ಲ. ಕಿಟೆಲ್ ಅವರ 1894ರ ನಿಘಂಟು ಇಂದು ಅಂತರ್ಜಾಲದಲ್ಲಿ ಪುಟಪುಟವಾಗಿ ಸಿಗುತ್ತದೆ. ‘ವಚನ ಸಂಚಯ’ದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ಹುಡುಕಬಹುದು. ಕಾಯಕದ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಉಪಯುಕ್ತ ಸಾಧನ ಬೇರೆ ಬೇಕೆ? ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಇವೆರಡೂ ನಿಷಿದ್ಧ.

ಅಚ್ಚಾದದ್ದೆಲ್ಲ ನಂಬಲರ್ಹ ಎಂಬ ಭರವಸೆಯೂ ನಿಲ್ಲುವುದಿಲ್ಲ. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದು ಅಚ್ಚಾಯಿತು. ರಾಜ್ಯ ಸರ್ಕಾರ 1998ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಐದು ಪುಸ್ತಕಗಳೆಂಬ ನಿಯಮ ಆ ಪುಸ್ತಕವನ್ನೂ ಒಂದೆಂದು ಎಣಿಸುತ್ತದೆ. ವಿದ್ಯಾರ್ಥಿಗೆ ಬೇಕಾದದ್ದು ಎಣಿಕೆಯಲ್ಲ, ಪಾಠದ ಆಯ್ಕೆ. ಸರ್ಕಾರ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದಿಂದಲೇ ವಚನಗಳನ್ನು ಎತ್ತಿಕೊಳ್ಳಿ, ಪಾಠಾಂತರ ಕಂಡರೆ ತಿಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ವಚನವನ್ನು ಸಂಪುಟದಲ್ಲಿ ಹುಡುಕದೆ ಬಳಸಬೇಡಿ ಎಂದಿದ್ದರೆ ಅದು ಸೂಚನೆ. ಗೆಳೆಯರೊಡನೆ ಚರ್ಚಿಸಬಹುದೇ, ಹಿಂದಿನ ವರ್ಷದವರ ಪ್ರತಿಯನ್ನು ನೋಡಬಹುದೇ ಎಂಬ ಪ್ರಶ್ನೆಗಳಿಗೂ ಪತ್ರದಲ್ಲಿ ಉತ್ತರವಿಲ್ಲ. ಹಾಸ್ಟೆಲಿನಲ್ಲಿ ಇರುವವರಿಗೆ ಮೊದಲು ಎದುರಾಗುವುದೇ ಈ ಪ್ರಶ್ನೆಗಳು.

ಸಲ್ಲಿಕೆಯ ಸೂಚನೆ ಮಾತ್ರ ಬಹಳ ಸ್ಪಷ್ಟವಾಗಿದೆ. ಆದರೆ ಆ ಸ್ಪಷ್ಟತೆಯೇ ಮೊದಲ ಸೂಚನೆಯನ್ನು ಕೆಡಿಸುತ್ತದೆ. ನುಡಿಯ ಹಳೆಯ ಫಾಂಟುಗಳು ಯೂನಿಕೋಡಿನವಲ್ಲ; ಅವುಗಳಲ್ಲಿ ಕನ್ನಡ ಕಾಣುವುದು ಪರದೆಯ ಮೇಲೆ ಮಾತ್ರ, ಕಡತದೊಳಗೆ ಇರುವುದು ರೋಮನ್ ಚಿಹ್ನೆಗಳು. ‘ಕನ್ನಡ’ ಎಂಬ ಪದ ಅಲ್ಲಿ ಹೀಗೆ ಉಳಿದಿರುತ್ತದೆ:

```
PÀ£ÀßqÀ
```

ಯೂನಿಕೋಡಿನಲ್ಲಿರುವ ಲೇಖನವೊಂದನ್ನು ಪರಿವರ್ತಕದಲ್ಲಿ ಹಾಕಿ ನುಡಿಗೆ ತಂದು ಸಲ್ಲಿಸಿದರೆ, ಮೂಲಕ್ಕೂ ಇದಕ್ಕೂ ಒಂದಕ್ಷರವೂ ತಾಳೆಯಾಗುವುದಿಲ್ಲ. ಇಡೀ ಲೇಖನವೇ ನಕಲಾಗಿದ್ದರೂ ವರದಿ ಸೊನ್ನೆಯ ಹತ್ತಿರ ನಿಲ್ಲಬಹುದು. ಇದನ್ನು ಗುರುತಿಸುವುದು ಸುಲಭ: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಬೇರೆ ಕಡೆ ಅಂಟಿಸಿದಾಗ ಮೇಲಿನಂಥ ಚಿಹ್ನೆಗಳು ಬಂದರೆ ತಂತ್ರಾಂಶ ಓದಿದ್ದೂ ಅದನ್ನೇ. ಒಂದೇ ಪುಟದ ಎರಡು ಸೂಚನೆಗಳು ಹೀಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಸ್ಪೈರಲ್ ಬೈಂಡಿಂಗಿನಿಂದಲಂತೂ ವಿದ್ಯಾರ್ಥಿಯ ಜೇಬು ಹಗುರವಾಗುತ್ತದೆಯೇ ಹೊರತು ಮೌಲ್ಯಮಾಪನಕ್ಕೆ ಏನೂ ಸಿಗುವುದಿಲ್ಲ.

ಇದೇ ಒಂದು ಪುಟದಲ್ಲಿ ಒಳ್ಳೆಯ ಪತ್ರವನ್ನು ಬರೆಯಲು ಸಾಧ್ಯ. ಸ್ವಂತಿಕೆಯ ಬಗ್ಗೆ ಹೀಗೆ ಹೇಳಬಹುದು: ‘ಬೇರೆಯವರ ಮಾತನ್ನು ಹಾಗೆಯೇ ತಂದರೆ ಉದ್ಧರಣ ಚಿಹ್ನೆಯೊಳಗಿಟ್ಟು ಪುಟಸಂಖ್ಯೆ ಕೊಡಿ. ಬೇರೆಯವರ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿದರೂ ಅವರ ಹೆಸರು ಹೇಳಿ. ಚರ್ಚೆ ಕೂಡಿ ಮಾಡಿ, ಬರವಣಿಗೆ ಒಬ್ಬರೇ ಮಾಡಿ. ಯಾರೊಡನೆ ಚರ್ಚಿಸಿದಿರಿ ಎಂದು ಕೊನೆಯಲ್ಲಿ ಬರೆಯಿರಿ.’ ಸಲ್ಲಿಕೆಗೆ ಯೂನಿಕೋಡಿನ ಒಂದು ಕಡತ ಸಾಕು. ಅದರ ಜೊತೆಗೆ ಓದುವಾಗ ಕೈಯಲ್ಲಿ ಬರೆದುಕೊಂಡ ಟಿಪ್ಪಣಿಗಳ ಎರಡು ಹಾಳೆಗಳನ್ನು ಕೇಳಬೇಕು. ಯಾವ ವಚನವನ್ನು ಏಕೆ ಬಿಟ್ಟೆ, ಏಕೆ ಇಟ್ಟುಕೊಂಡೆ ಎಂಬುದು ಅಲ್ಲಿ ಕಾಣುತ್ತದೆ.

ದುಡ್ಡು ಕೊಟ್ಟು ಬರೆಸಿದ್ದನ್ನು ಯಾವ ಸೂಚನಾಪತ್ರವೂ ತಡೆಯಲಾರದು. ಕೈಬರಹ ಕಡ್ಡಾಯ ಮಾಡಿದರೂ ನೋಡಿ ಬರೆಯುವುದು ನಿಲ್ಲದು. ಅದಕ್ಕಿರುವ ಪರೀಕ್ಷೆ ಮಾತುಕತೆಯೊಂದೇ. ಬರೆದವರನ್ನು ಐದು ನಿಮಿಷ ಕೂರಿಸಿಕೊಂಡು, ಅವರೇ ಉದ್ಧರಿಸಿದ ಒಂದು ವಚನವನ್ನು ಬಿಡಿಸಿ ಹೇಳಿ ಎಂದರೆ ಓದಿದವರು ಯಾರೆಂದು ತಿಳಿಯುತ್ತದೆ. 40 ವಿದ್ಯಾರ್ಥಿಗಳಿಗೆ ಇದು ಮೂರೂವರೆ ಗಂಟೆಗೂ ಕಡಿಮೆ ಹೊತ್ತಿನ ಕೆಲಸ. ದೊಡ್ಡ ತರಗತಿಯಲ್ಲಿ ಎಲ್ಲರನ್ನೂ ಕರೆಯಲು ಆಗದಿದ್ದರೆ ಅನುಮಾನ ಬಂದವರನ್ನಷ್ಟೇ ಕರೆಯುವುದು ಸರಿಯಲ್ಲ. ಚೀಟಿ ಎತ್ತಿ ಕೆಲವರನ್ನು ಕರೆಯುವುದು ನ್ಯಾಯ.

ನನ್ನ ಮುಂದಿರುವ ಪತ್ರ ಫಾಂಟಿನ ಅಳತೆಯನ್ನು ಕಲಿಸುತ್ತದೆ, ಋಣವನ್ನು ಹೇಳಿಕೊಳ್ಳುವುದನ್ನು ಕಲಿಸುವುದಿಲ್ಲ; ಆದ್ದರಿಂದ ಅದು ವಿಫಲ ಪಠ್ಯ. ಮುಂದಿನ ಸೆಮಿಸ್ಟರಿಗೆ ಹಳೆಯ ಪತ್ರವನ್ನು ಜೆರಾಕ್ಸ್ ಮಾಡಿಸುವ ಮುನ್ನ ಅಧ್ಯಾಪಕರು ಅದರಲ್ಲಿನ ಶೇಕಡಾ ಅಂಕಿಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ಮೂರು ವಾಕ್ಯಗಳನ್ನು ತಮ್ಮ ಮಾತಿನಲ್ಲಿ ಬರೆಯಲಿ.