ನಡುವಿನ ಪಟ್ಟಿ

ಆನ್‌ಲೈನ್ ಅಂಗಡಿಯ ಪಾವತಿಗಳು ಪ್ರತಿ ರಾತ್ರಿ ಲೆಕ್ಕಪತ್ರದ ತಂತ್ರಾಂಶಕ್ಕೆ ಹೋಗುವ ದಾರಿಯಲ್ಲಿ, ಒಂದು ಕಡೆಯ ಮಾತನ್ನು ಇನ್ನೊಂದು ಕಡೆಯ ಮಾತಿಗೆ ಹೊಂದಿಸುವ ಒಂದು ಸಣ್ಣ ಪಟ್ಟಿ ಕೂತಿರುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅಚ್ಚುಮೆಚ್ಚು ಅದೇ.

ಪಾವತಿ ಗೇಟ್‌ವೇ ಮೊತ್ತವನ್ನು ಪೈಸೆಯಲ್ಲಿ ಹೇಳುತ್ತದೆ: 129900 ಎಂದರೆ 1,299 ರೂಪಾಯಿ. ಹಾಗಾದರೆ ಎಲ್ಲವನ್ನೂ ನೂರರಿಂದ ಭಾಗಿಸಿದರಾಯಿತಲ್ಲ? ರೂಪಾಯಿಗೆ ಸರಿ. ಜಪಾನಿನ ಯೆನ್‌ಗೆ ಈ ಲೆಕ್ಕದಲ್ಲಿ ಚಿಲ್ಲರೆಯೇ ಇಲ್ಲ. 5000 ಬಂದರೆ ಅದು 5,000 ಯೆನ್. ಕುವೈತಿನ ದಿನಾರ್‌ಗೆ ಸಾವಿರ ಫಿಲ್ಸ್. ಅಲ್ಲಿ ಅದೇ 5000 ಬರೀ 5 ದಿನಾರ್. ಅದಕ್ಕೇ ಒಳ್ಳೆಯ ಪಟ್ಟಿ ಐಎಸ್ಒ 4217 ಹೇಳುವ ದಶಮಾಂಶ ಸ್ಥಾನಗಳನ್ನು ಕರೆನ್ಸಿವಾರು ಬರೆದಿಡುತ್ತದೆ: `INR` 2, `JPY` 0, `KWD` 3.

ಪಾವತಿಯ ಸ್ಥಿತಿ ಹೇಳುವ ಸಾಲುಗಳು ಇನ್ನೂ ಜಾಣ. `authorized` ಎಂದರೆ ಬ್ಯಾಂಕು ಒಪ್ಪಿದೆ, ಅಂಗಡಿ ಇನ್ನೂ ಹಣ ಪಡೆದಿಲ್ಲ. ಲೆಕ್ಕದಲ್ಲಿ ಅದು ಬಾಕಿ. `captured` ಆದಮೇಲಷ್ಟೇ ಪಾವತಿ. ಎರಡನ್ನೂ ಒಂದೇ ಎಂದುಕೊಂಡರೆ ಬಂದ ಹಣಕ್ಕಿಂತ ಪುಸ್ತಕದ ಹಣ ಜಾಸ್ತಿಯಾಗಿ, ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ಗೊತ್ತಿಲ್ಲದ ಸ್ಥಿತಿ ಬಂದರೆ ಪಟ್ಟಿ ಊಹಿಸಬಾರದು. ಆ ಒಂದು ದಾಖಲೆಯನ್ನು ತಡೆದು ಉಳಿದವನ್ನು ಬಿಡಬೇಕು. “ಇತರೆ” ಎಂಬ ಸಾಲೇ ಇಲ್ಲದ ಪಟ್ಟಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.