ಕಂತು ನಿಂತಾಗ ತಿಳಿಯುವ ಬಡ್ಡಿ

ಬಿ.ಕಾಂ. ಓದಿದವರಿಗೆ ಬಾಡಿಗೆ ಖರೀದಿಯ ಅಧ್ಯಾಯ ನೆನಪಿರುತ್ತದೆ. ನಗದು ಬೆಲೆ ಕೊಟ್ಟಿರುತ್ತಾರೆ, ಬಡ್ಡಿ ದರ ಕೊಟ್ಟಿರುತ್ತಾರೆ. ಕಂತು ವರ್ಷಕ್ಕೊಂದು, ಅದೂ ಲೆಕ್ಕದ ವರ್ಷ ಮುಗಿಯುವ ದಿನಕ್ಕೇ ಬಂದು ಬೀಳುತ್ತದೆ. ಕೊನೆಯ ಕಂತಿನ ಹೊತ್ತಿಗೆ ಮಾರಾಟಗಾರನ ಖಾತೆ ಸೊನ್ನೆಗೆ ಬಂದರೆ ಪೂರ್ತಿ ಅಂಕ. ನನ್ನ ತಕರಾರು ಇರುವುದು ಆ ಸೊನ್ನೆಯ ಬಗ್ಗೆಯೇ. ಒಟ್ಟು ಬಡ್ಡಿ ಗೊತ್ತಿದ್ದಾಗ ಅದನ್ನು ಕಂತುಗಳಿಗೆ ಹೇಗೆ ಹಂಚಿದರೂ ಕೊನೆಗೆ ಸೊನ್ನೆ ಬಂದೇ ಬರುತ್ತದೆ. ಹಾಗಾಗಿ ಹಂಚಿದ್ದು ಸರಿಯೋ ತಪ್ಪೋ ಎಂಬುದನ್ನು ಆ ಸೊನ್ನೆ ಹೇಳಲಾರದು.

ಒಂದು ಗೂಡ್ಸ್ ಆಟೊ ತೆಗೆದುಕೊಳ್ಳೋಣ. ನಗದು ಬೆಲೆ 2,20,000 ರೂಪಾಯಿ, ಮುಂಗಡ 40,000. ಉಳಿದ 1,80,000ಕ್ಕೆ ‘ಫ್ಲ್ಯಾಟ್ ಹತ್ತು ಪರ್ಸೆಂಟ್’, ಮೂರು ವರ್ಷ. ಅಂದರೆ ವರ್ಷಕ್ಕೆ 18,000ದಂತೆ ಒಟ್ಟು 54,000 ಬಡ್ಡಿ. ಲೆಕ್ಕ ಸುಲಭವಾಗಲೆಂದು ಕಂತು ವರ್ಷಕ್ಕೊಂದೇ ಇರಲಿ. ಆಗ ಕಂತು 78,000. ಕೊಳ್ಳುವವನಿಗೆ ಇದು ಹತ್ತರ ಸಾಲದಂತೆ ಕಾಣುತ್ತದೆ. ಆದರೆ ಮೊದಲ ಕಂತು ಕಟ್ಟಿದ ಮೇಲೆ ಅವನ ಕೈಯಲ್ಲಿ ಮಾರಾಟಗಾರನ 1,80,000 ಉಳಿದಿರುವುದಿಲ್ಲ. ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಅಸಲಿನ ಮೇಲೇ ಓಡುತ್ತಿರುತ್ತದೆ. ಬಾಕಿ ಇರುವ ಹಣದ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಸುಮಾರು ಶೇ. 14.36. ಫ್ಲ್ಯಾಟ್ ಎಂಬುದು ದರವಲ್ಲ, ಕಂತಿನ ಮೊತ್ತ ಕಟ್ಟುವ ಒಂದು ಸೂತ್ರ ಅಷ್ಟೆ. ಆ ಸೂತ್ರವನ್ನೇ ಲೆಡ್ಜರಿಗೂ ತಂದು ಬರೆಯುವುದರಿಂದ ಎಡವಟ್ಟು ಶುರುವಾಗುತ್ತದೆ.

ಹಂಚುವ ದಾರಿಗಳು ಮುಖ್ಯವಾಗಿ ಮೂರು. ಸಮನಾಗಿ ಹಂಚಿದರೆ ವರ್ಷಕ್ಕೆ 18,000. ಬಾಕಿಯ ಮೇಲೆ ಶೇ. 14.36ರಂತೆ ಹಾಕಿದರೆ ಮೊದಲ ವರ್ಷ ಸುಮಾರು 25,850, ಎರಡನೆಯ ವರ್ಷ 18,360, ಮೂರನೆಯ ವರ್ಷ 9,790. ಮೂರನೆಯದು ಅಂಕಿಗಳ ಮೊತ್ತದ ವಿಧಾನ: ಮೂರು, ಎರಡು, ಒಂದು ಕೂಡಿದರೆ ಆರು, ಬಡ್ಡಿಯನ್ನು ಅದೇ ಅನುಪಾತದಲ್ಲಿ 27,000, 18,000, 9,000 ಎಂದು ಒಡೆಯುವುದು. ಇದು ಕ್ಯಾಲ್ಕುಲೇಟರ್ ಇಲ್ಲದ ಕಾಲದ ಜಾಣತನ. ಬಾಕಿಯ ಲೆಕ್ಕಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಆದರೆ ಮೊದಲ ವರ್ಷದ ತೂಕ ಸ್ವಲ್ಪ ಹೆಚ್ಚು, ಅವಧಿ ಉದ್ದವಾದಷ್ಟೂ ಆ ಹೆಚ್ಚುವರಿ ಬೆಳೆಯುತ್ತದೆ. ಬಾಡಿಗೆ ಖರೀದಿಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿರುವ ನಮ್ಮ ಲೆಕ್ಕಪತ್ರ ಮಾನದಂಡ ಎಎಸ್ 19 ಕೇಳುವುದು ಬಾಕಿಯ ಮೇಲೆ ಪ್ರತಿ ಅವಧಿಗೂ ಒಂದೇ ದರ ಬರುವಂಥ ಹಂಚಿಕೆಯನ್ನು. ಸರಳತೆಗಾಗಿ ಅಂದಾಜು ಬಳಸಲು ಅದು ಅಡ್ಡಿ ಮಾಡುವುದಿಲ್ಲ. ಅಂಕಿಗಳ ಮೊತ್ತ ಅಂಥ ಅಂದಾಜು ಎನ್ನಬಹುದು, ಸಮಪಾಲನ್ನು ಹಾಗೆನ್ನುವುದು ಕಷ್ಟ.

ವಿಚಿತ್ರವೆಂದರೆ ಆದಾಯ ತೆರಿಗೆಯ ಕಡೆ ಸಮಪಾಲಿಗೇ ಹಳೆಯ ಬೆಂಬಲವಿದೆ. 1943ರ ಸುತ್ತೋಲೆಯೊಂದರ ಪ್ರಕಾರ ಕೊಳ್ಳುವವನು ನಗದು ಬೆಲೆಯ ಮೇಲೆ ಸವಕಳಿ ಪಡೆಯಬಹುದು. ಕಂತುಗಳ ಒಟ್ಟು ಮೊತ್ತಕ್ಕೂ ನಗದು ಬೆಲೆಗೂ ಇರುವ ವ್ಯತ್ಯಾಸವನ್ನು ಕರಾರಿನ ಅವಧಿಗೆ ಸಮನಾಗಿ ಹಂಚಿ ಖರ್ಚಿಗೆ ಹಾಕಬಹುದು. ಅಧಿಕಾರಿಗೂ ವ್ಯಾಪಾರಿಗೂ ಜಗಳವಾಗದಂತೆ ಮಾಡಿದ ಏರ್ಪಾಟು ಅದು, ಆ ಮಟ್ಟಿಗೆ ಸರಿ. ಅದನ್ನೇ ವರ್ಷದ ಲಾಭ ಅಳೆಯುವ ಕೋಲಾಗಿ ಬಳಸಿದರೆ ಮೊದಲ ವರ್ಷದ ಸಾಲ ಅಗ್ಗವಾಗಿಯೂ ಕೊನೆಯ ವರ್ಷದ್ದು ದುಬಾರಿಯಾಗಿಯೂ ಕಾಣುತ್ತದೆ. ಸಣ್ಣ ಆಫೀಸುಗಳಲ್ಲಿ ಇದಕ್ಕಿಂತ ದೊಡ್ಡ ತಪ್ಪೂ ಉಂಟು: ಮುಂಗಡ, ಕಂತು ಎಲ್ಲ ಸೇರಿಸಿ 2,74,000 ಎಂದು ಗಾಡಿಯ ಬೆಲೆಯನ್ನೇ ಬರೆದುಬಿಡುತ್ತಾರೆ. ಬಡ್ಡಿ ಆಗ ಸವಕಳಿಯ ವೇಷ ಹಾಕಿಕೊಂಡು, ಸಾಲ ತೀರಿದ ಮೇಲೂ ವರ್ಷಗಟ್ಟಲೆ ಖರ್ಚಿನ ಪಟ್ಟಿಯಲ್ಲಿ ಓಡಾಡುತ್ತಿರುತ್ತದೆ.

ಹಂಚಿಕೆಯ ನಿಜವಾದ ಬೆಲೆ ಗೊತ್ತಾಗುವುದು ಕಂತು ನಿಂತಾಗ. ನಮ್ಮ ಆಟೊದವನು ಮೊದಲ ಕಂತು ಕಟ್ಟಿ, ಎರಡನೆಯದು ಕಟ್ಟಲಾಗದೆ ಗಾಡಿ ಸೀಜ್ ಆಯಿತೆನ್ನಿ. ಕೊನೆಯ ಕಂತಿನವರೆಗೂ ಗಾಡಿ ಕಾನೂನಿನ ಪ್ರಕಾರ ಮಾರಾಟಗಾರನದೇ. ಹಾಗಿದ್ದೂ ಕೊಂಡವನ ಪುಸ್ತಕದಲ್ಲಿ ಅದು ಆಸ್ತಿಯಾಗಿ ಕೂತಿರುತ್ತದೆ. ವರ್ಷಕ್ಕೆ ಶೇ. 20ರಂತೆ ಇಳಿಯುವ ಮೌಲ್ಯದ ಮೇಲೆ ಸವಕಳಿ ಕಳೆದರೆ ಎರಡು ವರ್ಷಕ್ಕೆ ಅದರ ಬೆಲೆ 1,40,800. ಈಗ ಆಸ್ತಿಯೂ ಹೋಯಿತು, ಮಾರಾಟಗಾರನಿಗೆ ಕೊಡಬೇಕಾದ ಬಾಕಿಯೂ ಹೋಯಿತು. ಬಾಕಿಯ ಲೆಕ್ಕದ ವಿಧಾನದಲ್ಲಿ ಆ ದಿನ ಕೊಡಬೇಕಿದ್ದದ್ದು 1,46,210. ಹಾಗಾಗಿ ಪುಸ್ತಕ 5,410 ಲಾಭ ತೋರಿಸುತ್ತದೆ. ಸಮಪಾಲಿನಲ್ಲಿ ಕೊಡಬೇಕಿದ್ದದ್ದು 1,38,000. ಅಲ್ಲಿ 2,800 ನಷ್ಟ. ಒಂದೇ ಗಾಡಿ, ಒಂದೇ ದಿನ, ಕೈಯಿಂದ ಹೋದ ಹಣವೂ ಒಂದೇ. ಎರಡರ ನಡುವಿನ 8,210 ಎಲ್ಲಿಂದ ಬಂತೆಂದು ಹುಡುಕಿದರೆ ಹಿಂದಿನ ಎರಡು ವರ್ಷಗಳ ಬಡ್ಡಿ ಖಾತೆಯಲ್ಲಿ ಸಿಗುತ್ತದೆ: ಒಂದರಲ್ಲಿ 44,210, ಇನ್ನೊಂದರಲ್ಲಿ 36,000.

ಮಾರಾಟಗಾರನ ಕಡೆ ಇದೇ ಅಂಕಿ ತಲೆಕೆಳಗಾಗಿ ಬರುತ್ತದೆ. ಸೀಜ್ ಮಾಡಿ ತಂದ ಗಾಡಿಯನ್ನು ಅವನು 1,10,000ಕ್ಕೆ ಬೆಲೆ ಕಟ್ಟಿದರೆ ಬಾಕಿಯ ವಿಧಾನದಲ್ಲಿ 36,210 ನಷ್ಟ, ಸಮಪಾಲಿನಲ್ಲಿ 28,000. ಮೊದಲನೆಯದು ಕಠೋರವಾಗಿ ಕಂಡರೂ ನನಗೆ ಅದೇ ಸರಿ ಅನ್ನಿಸುತ್ತದೆ. ಬಡ್ಡಿಯಾಗಿ ಬರೆದುಕೊಂಡ ಆದಾಯ ಕೈಗೆ ಬರಲಿಲ್ಲ ಎಂಬುದನ್ನು ಅದು ಬಾಯಿಬಿಟ್ಟು ಹೇಳುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಕಂತು ತಪ್ಪಿದ ಮೇಲೂ ಬಡ್ಡಿಯನ್ನು ಆದಾಯಕ್ಕೆ ಹಾಕುತ್ತಾ ಹೋಗುವವನಿಗೆ ಯಾವ ವಿಧಾನವೂ ಸಹಾಯ ಮಾಡುವುದಿಲ್ಲ. ಇಡೀ 54,000ವನ್ನು ಮೊದಲೇ ಬಡ್ಡಿ ಅಮಾನತು ಖಾತೆಯಲ್ಲಿಟ್ಟು, ವರ್ಷದ ಪಾಲನ್ನು ಮಾತ್ರ ಅಲ್ಲಿಂದ ಆದಾಯಕ್ಕೆ ತರುವ ಪದ್ಧತಿಯ ಗುಣ ಇದೇ. ಇನ್ನೂ ಗಳಿಸದ ಬಡ್ಡಿ ಎಷ್ಟೆಂದು ಯಾವ ದಿನ ಬೇಕಾದರೂ ಪುಸ್ತಕ ತೆರೆದು ನೋಡಬಹುದು. ಮಿಕ್ಸಿ, ಫ್ಯಾನುಗಳಂಥ ಸಣ್ಣ ಸಾಮಾನು ಮಾರುವವರು ಮಾರಾಟದ ಲಾಭವನ್ನೂ ಬಡ್ಡಿಯನ್ನೂ ಒಂದೇ ಮಾಡಿ, ಕಂತು ಬಂದ ಪ್ರಮಾಣದಲ್ಲಿ ಲಾಭ ಎಣಿಸುತ್ತಾರೆ. ನೂರಾರು ಗಿರಾಕಿಗಳಿದ್ದಾಗ ಅದು ಕ್ಷಮ್ಯ. ಲಕ್ಷಗಟ್ಟಲೆಯ ಗಾಡಿಗೆ ಅಲ್ಲ.

ಅವಧಿಗೆ ಮೊದಲೇ ಲೆಕ್ಕ ಚುಕ್ತಾ ಮಾಡುವವನಿಗೆ ಬಡ್ಡಿಯಲ್ಲಿ ಎಷ್ಟು ಬಿಡಬೇಕೆಂದು ಹೇಳಿದ್ದ ಕಾನೂನೊಂದಿತ್ತು, 1972ರ ಬಾಡಿಗೆ ಖರೀದಿ ಕಾಯಿದೆ. ಸಂಸತ್ತಿನಲ್ಲಿ ಪಾಸಾದರೂ ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಹಾಗಾಗಿ ಕರಾರಿನ ಕಾಗದದಲ್ಲಿರುವ ಸಾಲುಗಳ ತೂಕ ದೊಡ್ಡದು. ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮೊದಲ ಕಂತು ಕಟ್ಟಿದ ಮರುದಿನವೇ ಪೂರ್ತಿ ತೀರಿಸುತ್ತೇನೆಂದರೆ ಎಷ್ಟು ಕೊಡಬೇಕು? ನಮ್ಮ ಆಟೊಗೆ 1,20,000 ಎಂದರೆ ಸಮಪಾಲು, 1,27,850ರ ಆಸುಪಾಸಿನಲ್ಲಿದ್ದರೆ ಬಾಕಿಯ ಲೆಕ್ಕ, 1,29,000 ಎಂದರೆ ಅಂಕಿಗಳ ಮೊತ್ತ. 1,56,000 ಎಂದರೆ ಉಳಿದೆರಡು ಕಂತುಗಳನ್ನು ಹಾಗೇ ಕೂಡಿಸಿ ಹೇಳಿದ್ದಾರೆ, ಇನ್ನೂ ಓಡದ ಎರಡು ವರ್ಷಗಳ ಬಡ್ಡಿಯೂ ಅದರೊಳಗಿದೆ.